ಮಧ್ಯಾಹ್ನ ಹನ್ನೆರಡೂವರೆಗೆ ಎದ್ದು ಕೂರುವ ಮ್ಯಾಪು

ಶಿರಸಿ ಕಡೆಯ ನಲವತ್ತು ಹೋಮ್‌ಸ್ಟೇಗಳ ಪಟ್ಟಿ ಇರುವ ಸಣ್ಣ ವೆಬ್‌ಸೈಟೊಂದನ್ನು ನಾನು ಬಿಡುವಿನಲ್ಲಿ ನೋಡಿಕೊಳ್ತೀನಿ. ದಸರಾ ರಜೆಯ ಒಂದು ಶನಿವಾರ ರಾತ್ರಿ ಒಂಬತ್ತರ ಹೊತ್ತಿಗೆ ಅಲ್ಲಿನ ಅಣ್ಣನೊಬ್ಬರ ಫೋನ್ ಬಂತು. "ತಮ್ಮಾ, ನಿನ್ ಮ್ಯಾಪ್ ಮಲಗಿದೆ ನೋಡು. ಗೆಸ್ಟು ಘಟ್ಟದಲ್ಲಿ ನಿಂತು ದಾರಿ ಕೇಳ್ತಾ ಇದಾರೆ." ನೋಡಿದೆ. ಮ್ಯಾಪ್ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಚೌಕ, ಅದರೊಳಗೆ "Oops! Something went wrong." ಕೋಡ್ ಮುಟ್ಟಿ ಎರಡು ತಿಂಗಳಾಗಿತ್ತು. ರಾತ್ರಿಯೆಲ್ಲ ತಡಕಾಡಿದರೂ ಏನೂ ಸಿಗಲಿಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಮ್ಯಾಪ್ ತಾನಾಗಿಯೇ ಸರಿಹೋಯ್ತು. ರಾತ್ರಿ ಮತ್ತೆ ಮಲಗಿತು. ಸೋಮವಾರ ಸರಿಯಾಗಿ ಹನ್ನೆರಡೂವರೆಗೆ ಮತ್ತೆ ಎದ್ದಿತು.

ಆ ಹನ್ನೆರಡೂವರೆಯೇ ಸುಳಿವು. ಗೂಗಲ್ ಮ್ಯಾಪ್ಸ್ ಸೇವೆಯಲ್ಲಿ ದಿನದ ಬಳಕೆಯ ಎಣಿಕೆ ಮತ್ತೆ ಸೊನ್ನೆಯಾಗುವುದು ನಮ್ಮ ಮಧ್ಯರಾತ್ರಿಗಲ್ಲ, ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯರಾತ್ರಿಗೆ. ಅಲ್ಲಿ ಬೇಸಿಗೆ ಸಮಯ ನಡೆಯುತ್ತಿರುವಾಗ ಅದು ನಮಗೆ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30. ಅಂದರೆ ಮ್ಯಾಪನ್ನು ಮಲಗಿಸಿದ್ದು ಕೋಡ್ ದೋಷವೂ ಅಲ್ಲ, ಬಿಲ್ಲೂ ಅಲ್ಲ. ಒಂದು ವರ್ಷದ ಹಿಂದೆ ನಾನೇ ಹಾಕಿ ಮರೆತಿದ್ದ ದಿನದ ಮಿತಿ! ತಪ್ಪು ನೂರಕ್ಕೆ ನೂರು ನನ್ನದೇ. ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟ ಎರಡು ಸಂಗತಿಗಳ ಬಗ್ಗೆ ನನಗೆ ತಕರಾರಿದೆ. ಒಂದು, ಮಿತಿಗಳಿಗೆ ಇಟ್ಟಿರುವ ಹೆಸರುಗಳು. ಇನ್ನೊಂದು, "ಕೀ ತಗೊಳ್ಳಿ, ಪೇಸ್ಟ್ ಮಾಡಿ, ಮುಗೀತು" ಎಂದು ಹೇಳಿಕೊಡುವ ಟ್ಯುಟೋರಿಯಲ್‌ಗಳು.

ಮೊದಲು ಹೆಸರುಗಳ ವಿಚಾರ. ಕನ್ಸೋಲ್ ತೆರೆದರೆ ಮಿತಿ ಅನ್ನಿಸುವ ಮೂರು ವಸ್ತುಗಳು ಕಾಣ್ತವೆ. ಒಂದು, ತಿಂಗಳಿಗೆ ಇಷ್ಟು ಬಳಕೆ ಉಚಿತ ಅನ್ನುವ ಲೆಕ್ಕ. ಇದು ದಾಟಿದರೆ ಮ್ಯಾಪ್ ನಿಲ್ಲುವುದಿಲ್ಲ, ಬಿಲ್ ಶುರುವಾಗುತ್ತದೆ ಅಷ್ಟೆ. ಎರಡು, ಬಜೆಟ್. ಸಾವಿರ ರೂಪಾಯಿ ಬಜೆಟ್ ಇಟ್ಟೆವು ಅಂದರೆ ಸಾವಿರಕ್ಕೆ ನಿಲ್ಲುತ್ತದೆ ಎಂದು ಯಾರಾದರೂ ಅಂದುಕೊಳ್ತಾರೆ. ನಿಲ್ಲುವುದಿಲ್ಲ. ಅದು ಬರೀ ಇಮೇಲ್ ಕಳಿಸುತ್ತದೆ. ಮೂರು, ಕೋಟಾ. ನೀರು ನಿಲ್ಲಿಸುವ ನಲ್ಲಿ ಇದೊಂದೇ. ದಿನಕ್ಕೆ ಎಷ್ಟು ಸಲ ಮ್ಯಾಪ್ ತೆರೆಯಬಹುದು ಎಂದು ನೀವು ಇಲ್ಲಿ ಬರೆದರೆ, ಅಷ್ಟಾದ ಮೇಲೆ ಬೂದು ಚೌಕವೇ ಗತಿ. ದಸ್ತಾವೇಜಿನಲ್ಲಿ ಇದೆಲ್ಲ ಸ್ಪಷ್ಟವಾಗಿಯೇ ಇದೆ, ಇಲ್ಲ ಅನ್ನಲಾರೆ. ಆದರೆ ಅಲಾರ್ಮ್ ಗಡಿಯಾರಕ್ಕೆ ಬೀಗ ಎಂದು ಹೆಸರಿಟ್ಟು, ಒಳಗೆ ಸಣ್ಣ ಅಕ್ಷರದಲ್ಲಿ "ಇದು ಬೀಗವಲ್ಲ" ಎಂದು ಬರೆದಿಟ್ಟರೆ ಅದನ್ನು ಒಳ್ಳೆಯ ವಿನ್ಯಾಸ ಅನ್ನೋಕಾಗುತ್ತಾ? ಬಜೆಟ್ ಇಟ್ಟು ನಿಶ್ಚಿಂತೆಯಾಗಿ ಮಲಗಿದವರಿಗೆ ಬಿಲ್ಲಿನ ಆಘಾತ, ಕೋಟಾ ಇಟ್ಟು ಮರೆತವರಿಗೆ ಮ್ಯಾಪ್ ಹೋದ ಆಘಾತ.

ನನ್ನ ಕೋಟಾ ಲೆಕ್ಕ ನೋಡಿ, ಮೇಲ್ನೋಟಕ್ಕೆ ಬುದ್ಧಿವಂತಿಕೆಯೇ. 2025ರ ಮಾರ್ಚ್‌ನಲ್ಲಿ ಬಂದ ದರ ವ್ಯವಸ್ಥೆಯಲ್ಲಿ ಎಳೆದು ದೊಡ್ಡದು ಮಾಡಬಹುದಾದ ಸಾಮಾನ್ಯ ಮ್ಯಾಪಿಗೆ ತಿಂಗಳಿಗೆ 10,000 ಸಲ ಉಚಿತ, ಬಿಲ್ಲಿಂಗ್ ವಿಳಾಸ ಭಾರತದಲ್ಲಿದ್ದರೆ 70,000. ಪುಟ ತೆರೆದು ಮ್ಯಾಪ್ ಒಮ್ಮೆ ಮೂಡಿದರೆ ಒಂದು ಲೆಕ್ಕ, ಆಮೇಲೆ ಎಷ್ಟು ಎಳೆದಾಡಿದರೂ ಅದೇ ಒಂದು. 70,000ವನ್ನು 31 ದಿನಕ್ಕೆ ಹಂಚಿದರೆ ದಿನಕ್ಕೆ 2,258. ನಾನು 2,200 ಅಂತ ಬರೆದೆ. ಯಾವತ್ತೂ ಒಂದು ರೂಪಾಯಿ ಬಿಲ್ ಬರಲ್ಲ, ಸರಿ ತಾನೇ?

ಬಿಲ್ ಬರಲಿಲ್ಲ, ನಿಜ. ಆದರೆ ಪ್ರವಾಸಕ್ಕೆ ಹೊರಡುವವರು ತಮ್ಮನ್ನು 31 ದಿನಕ್ಕೆ ಸಮನಾಗಿ ಹಂಚಿಕೊಂಡು ಬರುವುದಿಲ್ಲವಲ್ಲ. ನಮ್ಮ ಸೈಟಿಗೆ ವಾರದ ದಿನಗಳಲ್ಲಿ ಆರುನೂರು ಭೇಟಿ, ರಜೆಯ ಶನಿವಾರ ಭಾನುವಾರ ಮೂರು ಸಾವಿರ. ಆ ತಿಂಗಳ ಒಂಬತ್ತು ಜೋರು ದಿನಗಳಿಗೆ 27,000, ಉಳಿದ 22 ದಿನಗಳಿಗೆ 13,200, ಒಟ್ಟು 40,200. ಉಚಿತ ಲೆಕ್ಕದಲ್ಲಿ ಇನ್ನೂ ಮೂವತ್ತು ಸಾವಿರದಷ್ಟು ಬಾಕಿ ಇರುವಾಗಲೇ ನನ್ನ ಮ್ಯಾಪ್ ಮಲಗಿತ್ತು. ಅದೂ ಯಾವಾಗ? ಜನಕ್ಕೆ ಅದು ನಿಜವಾಗಿ ಬೇಕಿದ್ದ ರಾತ್ರಿಗಳಲ್ಲೇ. ತಿಂಗಳ ಲೆಕ್ಕವನ್ನು ದಿನಕ್ಕೆ ಭಾಗಿಸಿ ಕೋಟಾ ಇಡುವುದು ನಾವೆಲ್ಲ ಮಾಡುವ ತಪ್ಪು. ಕೋಟಾ ಇರುವುದು ಅನಾಹುತ ತಡೆಯೋಕೆ, ಪಡಿತರ ಹಂಚೋಕೆ ಅಲ್ಲ.

ಹಾಗಾದರೆ ಎಷ್ಟು ಇಡಬೇಕು? ಅದಕ್ಕೂ ಮೊದಲು ಬಳಕೆಯನ್ನೇ ಇಳಿಸಬೇಕು. ನಮ್ಮ ಸೈಟಲ್ಲಿ ಪ್ರತಿ ಹೋಮ್‌ಸ್ಟೇ ಪುಟದ ತಳದಲ್ಲೂ ಒಂದು ಪೂರ್ಣ ಪ್ರಮಾಣದ ಮ್ಯಾಪ್ ಇತ್ತು. ಫೋಟೋ ನೋಡಿ ಹಿಂದೆ ಹೋದವರಿಗೂ ಅದು ಮೂಡುತ್ತಿತ್ತು, ಎಣಿಕೆಗೆ ಸೇರುತ್ತಿತ್ತು. ಒಂದು ಮನೆ, ಒಂದು ಪಿನ್ ತೋರಿಸುವುದಕ್ಕೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಅದಕ್ಕಾಗಿಯೇ Maps Embed API ಇದೆ. ಅದಕ್ಕೂ ಕೀ ಬೇಕು, ಆದರೆ ದುಡ್ಡಿಲ್ಲ, ಬಳಕೆಗೆ ಮಿತಿಯೂ ಇಲ್ಲ. ಒಂಟಿ ಪುಟಗಳಿಗೆಲ್ಲ ಅದನ್ನು ಹಾಕಿದೆವು. ನಲವತ್ತೂ ಪಿನ್ ಒಟ್ಟಿಗೆ ಕಾಣಬೇಕಾದ ಪಟ್ಟಿ ಪುಟದಲ್ಲಿ ಮಾತ್ರ ಹಳೆಯ ಮ್ಯಾಪ್ ಉಳಿಸಿ, "ಮ್ಯಾಪ್ ತೆರೆಯಿರಿ" ಎಂಬ ಗುಂಡಿ ಒತ್ತಿದ ಮೇಲಷ್ಟೇ ಅದು ಮೂಡುವ ಹಾಗೆ ಮಾಡಿದೆವು. ಜೋರು ದಿನದ ಮೂರು ಸಾವಿರ ಎಂಟುನೂರಕ್ಕೆ ಇಳಿಯಿತು.

ಈಗ ಕೋಟಾ. ಅತಿ ಜೋರು ದಿನದ ಐದು ಪಟ್ಟು ಎಂದು ಹಿಡಿದು 4,000 ಇಟ್ಟೆ. ಸಾಮಾನ್ಯ ದಿನಗಳಲ್ಲಿ ಇದು ಯಾರ ಕಾಲಿಗೂ ತೊಡರುವುದಿಲ್ಲ. ಯಾವುದೋ ಸ್ಕ್ರಿಪ್ಟು ಹುಚ್ಚು ಹಿಡಿದು ಪೂರ್ತಿ 4,000 ತಿಂದರೂ, ಉಚಿತ ಪಾಲನ್ನು ಲೆಕ್ಕಕ್ಕೇ ತಗೊಳ್ಳದೆ ಹೋದರೂ, ಸಾವಿರಕ್ಕೆ 7 ಡಾಲರ್ ಎಂಬ ಜಾಗತಿಕ ದರದಲ್ಲಿ ದಿನಕ್ಕೆ ಹೆಚ್ಚೆಂದರೆ 28 ಡಾಲರ್. ಭಾರತದ ದರ ಇನ್ನೂ ಕಡಿಮೆ. ಅಷ್ಟು ನಷ್ಟವನ್ನು ಒಂದು ದಿನ ತಡೆದುಕೊಳ್ಳಬಹುದು. ಆ ಒಂದು ದಿನದಲ್ಲಿ ಇಮೇಲ್ ಓದಿ ಕೀ ಬದಲಿಸಬೇಕು. ಬಜೆಟ್ ಎಂಬ ಅಲಾರ್ಮ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ಇಮೇಲ್ ಯಾರೂ ತೆರೆಯದ ಹಳೆಯ ಅಂಚೆಪೆಟ್ಟಿಗೆಗೆ ಹೋಗದೆ, ಫೋನಿನಲ್ಲಿ ದಿನವೂ ನೋಡುವ ವಿಳಾಸಕ್ಕೆ ಬರಬೇಕು ಅಷ್ಟೆ.

ಇನ್ನು ಟ್ಯುಟೋರಿಯಲ್‌ಗಳ ಮೇಲಿನ ತಕರಾರು. 2018ರ ಜುಲೈ 16ರಿಂದ ಕೀ ಮತ್ತು ಬಿಲ್ಲಿಂಗ್ ಖಾತೆ ಎರಡೂ ಕಡ್ಡಾಯವಾದವು. ಈಗ ಆ ಕೀಗೆ ಒಂದು ಕಾರ್ಡು ಅಂಟಿಕೊಂಡಿರುತ್ತದೆ. ಆದರೂ ಎಷ್ಟೋ ಪಾಠಗಳು ಇವತ್ತಿಗೂ ಬರೀ ಕೀಯನ್ನು ಪುಟಕ್ಕೆ ಪೇಸ್ಟ್ ಮಾಡಿಸಿ ಕೈ ತೊಳೆದುಕೊಳ್ತವೆ. ಬ್ರೌಸರ್‌ನಲ್ಲಿ ಓಡುವ ಮ್ಯಾಪಿನ ಕೀಯನ್ನು ಬಚ್ಚಿಡಲು ಬರುವುದಿಲ್ಲ, ಪುಟದ ಮೂಲ ತೆರೆದವರಿಗೆಲ್ಲ ಕಾಣುತ್ತದೆ. ಅದಕ್ಕೇ ಆ ಕೀ ಯಾವ ಸೈಟಿನಿಂದ ಬಂದರೆ ಮಾತ್ರ ನಡೆಯಬೇಕು, ಯಾವ ಸೇವೆಗೆ ಮಾತ್ರ ನಡೆಯಬೇಕು ಎಂದು ಕಟ್ಟಿಹಾಕಬೇಕು. ಸೈಟಿನ ಕಟ್ಟು ಎರಡೇ ಸಾಲು:

```
example.com/*
*.example.com/*
```

ಎರಡೂ ಬೇಕು. ಎರಡನೆಯ ಸಾಲು `www` ಮುಂತಾದ ಉಪವಿಳಾಸಗಳನ್ನು ಹಿಡಿಯುತ್ತದೆ, ಬರೀ ವಿಳಾಸವನ್ನು ಹಿಡಿಯುವುದಿಲ್ಲ. ನಾನು ಮೊದಲು ಎರಡನೆಯದನ್ನಷ್ಟೇ ಬರೆದು, ನನ್ನ ಲ್ಯಾಪ್‌ಟಾಪಲ್ಲಿ `www` ಇರುವ ಪುಟ ನೋಡಿ ಖುಷಿಯಾದೆ. `www` ಇಲ್ಲದೆ ಬಂದವರಿಗೆ ಮತ್ತೆ ಅದೇ ಬೂದು ಚೌಕ. ಕಟ್ಟು ಬದಲಿಸಿದ ಮೇಲೆ ಎರಡೂ ವಿಳಾಸಗಳನ್ನು ಹೊಸ ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿ. ಈ ಕಟ್ಟಿಗೂ ಒಂದು ಮಿತಿಯಿದೆ. ಯಾವ ಸೈಟಿನಿಂದ ಬಂದೆ ಎಂದು ಬ್ರೌಸರ್ ನಿಜ ಹೇಳುತ್ತದೆ, ಆದರೆ ಬ್ರೌಸರೇ ಅಲ್ಲದ ಸ್ಕ್ರಿಪ್ಟು ಸುಳ್ಳು ಹೇಳಬಲ್ಲದು. ಹಾಗಾಗಿ ಕಟ್ಟು ಹಾಕಿದ ಮೇಲೂ ಕೋಟಾ ತೆಗೆಯುವ ಹಾಗಿಲ್ಲ.

ಬೂದು ಚೌಕ ಕಂಡಾಗ ಯಾವುದು ಕೈಕೊಟ್ಟಿತು ಎಂದು ತಿಳಿಯುವುದು ಹೇಗೆ? ಪುಟದ ಮೇಲಿನ ಸಂದೇಶದಿಂದ ಗೊತ್ತಾಗಲ್ಲ, ಎಲ್ಲ ಕಾಯಿಲೆಗೂ ಹೆಚ್ಚುಕಡಿಮೆ ಅದೇ ಮುಖ. ಬ್ರೌಸರ್‌ನ ಕನ್ಸೋಲ್ ತೆರೆಯಬೇಕು. `OverQuotaMapError` ಇದ್ದರೆ ಕೋಟಾ. `RefererNotAllowedMapError` ಇದ್ದರೆ ಸೈಟಿನ ಕಟ್ಟು. `BillingNotEnabledMapError` ಇದ್ದರೆ ಬಿಲ್ಲಿಂಗ್ ಖಾತೆ. ನಾನು ಆ ಶನಿವಾರ ರಾತ್ರಿ ಇದನ್ನೊಂದು ನೋಡಿದ್ದರೆ ಐದು ನಿಮಿಷದ ಕೆಲಸವಾಗಿತ್ತು. ಕೋಡ್ ನನ್ನದು, ದೋಷ ಕೋಡಲ್ಲೇ ಇರಬೇಕು ಎಂಬ ಇಂಜಿನಿಯರ್ ಜಂಬ ಬಿಡಬೇಕಲ್ಲ.

ಈ ಕಥೆ ಕೇಳಿದ ಸಹೋದ್ಯೋಗಿಗಳೆಲ್ಲ ಕೊಟ್ಟ ಸಲಹೆ ಒಂದೇ: "ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋಗ್ಬಿಡು ಮಾರಾಯ, ಕೀನೂ ಇಲ್ಲ, ಕಾಟಾನೂ ಇಲ್ಲ." ಇದು ಅರ್ಧ ಸತ್ಯ. ಅದರ ದತ್ತಾಂಶ ಮುಕ್ತ, ನಿಜ. ಆದರೆ `tile.openstreetmap.org` ದಾನದ ದುಡ್ಡಿನಲ್ಲಿ, ಸ್ವಯಂಸೇವಕರು ನಡೆಸುವ ಸರ್ವರ್. ಸೇವೆಯ ಖಾತರಿ ಇಲ್ಲ, ಅತಿ ಬಳಕೆ ಕಂಡರೆ ಮುನ್ಸೂಚನೆ ಇಲ್ಲದೆ ತಡೆಯಬಹುದು ಎಂದು ಅವರ ನಿಯಮದಲ್ಲೇ ಇದೆ. ಅಲ್ಲಿ ಕೋಟಾದ ಅಂಕಿ ನಿಮಗೆ ಕಾಣುವುದಿಲ್ಲ ಅಷ್ಟೆ.

ಕೊನೆಗೆ ನಾವು ಮಾಡಿದ ಅತಿ ಸಣ್ಣ ಬದಲಾವಣೆಯೇ ಅತಿ ಹೆಚ್ಚು ಉಪಯೋಗಕ್ಕೆ ಬಂತು. ಪ್ರತಿ ಮ್ಯಾಪಿನ ಮೇಲೆ ವಿಳಾಸವನ್ನು ಅಕ್ಷರದಲ್ಲಿ ಬರೆದು, ಕೆಳಗೆ ಒಂದು ಕೊಂಡಿ ಕೊಟ್ಟೆವು:

```html
<a href="https://www.google.com/maps/search/?api=1&query=14.62,74.84">ದಾರಿ ತೋರಿಸಿ</a>
```

ಅಂಕಿಗಳ ಜಾಗದಲ್ಲಿ ಆಯಾ ಮನೆಯ ಅಕ್ಷಾಂಶ, ರೇಖಾಂಶ. ಈ ಕೊಂಡಿಗೆ ಕೀ ಬೇಡ, ಕೋಟಾ ಇಲ್ಲ, ಬಿಲ್ ಇಲ್ಲ. ಒತ್ತಿದರೆ ಗೆಸ್ಟ್ ಫೋನಿನ ಮ್ಯಾಪ್ ಆ್ಯಪ್ ತೆರೆದುಕೊಳ್ಳುತ್ತದೆ. ಘಟ್ಟದಲ್ಲಿ ನಿಂತವರಿಗೆ ಬೇಕಾದ್ದೂ ಅದೇ, ನಮ್ಮ ಪುಟದ ಚಂದದ ಮ್ಯಾಪ್ ಅಲ್ಲ.

ಡಿಸೆಂಬರ್‌ನಲ್ಲಿ ಪಟ್ಟಿ ಪುಟದ ಕೀ ಬದಲಿಸುವಾಗ ನಾನೇ ಅರ್ಧ ದಿನ ಮ್ಯಾಪ್ ಕೆಡಿಸಿಟ್ಟಿದ್ದೆ. ಸಂಜೆ ಅಣ್ಣನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಹೌದಾ? ಯಾರೂ ಹೇಳಲಿಲ್ವಲ್ಲ," ಅಂದರು.