ದುಡ್ಡು ಕೇಳೋದು ಎಷ್ಟನೇ ಸಾಲಲ್ಲಿ?

ತುರುವೇಕೆರೆ ಕಡೆಯ ಗೆಳೆಯನೊಬ್ಬ ಇನ್ವೆಸ್ಟರ್‌ಗೆ ಕಳಿಸೋ ಮೇಲ್ ಒಂದನ್ನ ನನಗೆ ತೋರಿಸಿದ. ಪರಿಚಯವಿಲ್ಲದ ಮನುಷ್ಯನಿಗೆ ಬರೆದದ್ದು. ಉಂಡೆ ಕೊಬ್ಬರಿಯನ್ನು ಗಾತ್ರ, ತೇವಾಂಶ ನೋಡಿ ವಿಂಗಡಿಸಿ ದೆಹಲಿಯ ವ್ಯಾಪಾರಿಗಳಿಗೆ ನೇರವಾಗಿ ಕಳಿಸೋದು ಅವನ ಕಂಪನಿಯ ಕೆಲಸ. ಮೇಲ್ ಓದೋಕೆ ನನ್ನ ಫೋನಲ್ಲಿ ನಾಲ್ಕು ಸಲ ಸ್ಕ್ರೋಲ್ ಮಾಡಿದೆ. ಕಲ್ಪವೃಕ್ಷ ಬಂತು, ದೇಶದ ತೆಂಗಿನ ಮಾರುಕಟ್ಟೆ ಬಂತು, ಅವರ ತಾತನ ಅಟ್ಟವೂ ಬಂತು. ಕೊನೇಲಿ "ನಿಮ್ಮ ಮಾರ್ಗದರ್ಶನ ಬೇಕು". ದುಡ್ಡಿನ ಮಾತೇ ಇಲ್ಲ.

"ನೇರ ಕೇಳೋಕೆ ನಾಚಿಕೆ ಆಯ್ತು ಗುರು," ಅಂದ.

ಎಷ್ಟು ಬೇಕು ಅಂದೆ. ಐವತ್ತು ಲಕ್ಷ. ಯಾಕೆ? ಕೊಬ್ಬರಿ ಕೊಳ್ಳೋಕೆ. ಮೇಲ್‌ನ ನಿಜವಾದ ತೊಂದರೆ ಉದ್ದ ಅಲ್ಲ, ಇದು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ ಇತ್ತು. ಆ ಲೆಕ್ಕಕ್ಕೇ ಹಿಡಿದರೂ 50 ಲಕ್ಷಕ್ಕೆ ಬರೋದು 416 ಕ್ವಿಂಟಲ್. 16 ಟನ್ನಿನ ಲಾರಿಯಲ್ಲಿ ಎರಡೂವರೆ ಲೋಡು. ಪಾಲು ಕೊಟ್ಟು ತಂದ ದುಡ್ಡು ಎರಡೂವರೆ ಲಾರೀಲಿ ಹೊರಟು ಹೋಗುತ್ತೆ ಅಂತ ಇನ್ವೆಸ್ಟರ್ ಒಂದೇ ನಿಮಿಷದಲ್ಲಿ ಲೆಕ್ಕ ಹಾಕ್ತಾನೆ. ಸರಕಿನ ಮೇಲೆ ಸಾಲ ಕೊಡೋಕೆ ಬ್ಯಾಂಕಿದೆ.

ಮೊತ್ತವನ್ನ ಮೇಲ್‌ನಲ್ಲಿ ಬರೆಯಲೇಬೇಕಾಗಿ ಬಂದಾಗ ಮಾತ್ರ ಅವನು ಇದನ್ನ ಯೋಚಿಸಿದ. ಎರಡನೇ ಮೇಲ್ ಹೀಗಿತ್ತು:

ವಿಷಯ: ತಿಪಟೂರು ಕೊಬ್ಬರಿ ವಿಂಗಡಣೆ, 50 ಲಕ್ಷ ಬೇಕು

"ಸರ್, ಉಂಡೆ ಕೊಬ್ಬರಿ ವಿಂಗಡಿಸಿ ದೆಹಲಿಗೆ ನೇರ ಕಳಿಸುತ್ತೇವೆ. ಆರು ತಿಂಗಳಲ್ಲಿ ಇಬ್ಬರು ವ್ಯಾಪಾರಿಗಳಿಗೆ ನಾಲ್ಕು ಲೋಡು ಹೋಗಿದೆ. ಇಬ್ಬರೂ ಮತ್ತೆ ತರಿಸಿಕೊಂಡಿದ್ದಾರೆ. ಎರಡು ವಿಂಗಡಣೆ ಯಂತ್ರ ಮತ್ತು ಐದು ಜನರ 14 ತಿಂಗಳ ಸಂಬಳಕ್ಕೆ 50 ಲಕ್ಷ ಬೇಕು. ಅಷ್ಟರಲ್ಲಿ ತಿಂಗಳಿಗೆ ಆರು ಲೋಡು ಮುಟ್ಟಬೇಕು. ಸರಕಿನ ದುಡ್ಡು ಬ್ಯಾಂಕಿನಿಂದ ಬರುತ್ತದೆ. ಗುರುವಾರ 20 ನಿಮಿಷ ಮಾತಾಡಬಹುದೇ?"

ಇದು ಒಂದೇ ಸ್ಕ್ರೀನಲ್ಲಿ ಕೂರುತ್ತೆ. "ಮತ್ತೆ ತರಿಸಿಕೊಂಡಿದ್ದಾರೆ" ಅನ್ನೋ ಸಾಲು ನನಗೆ ತುಂಬ ಹಿಡಿಸಿತು. ಗಿಟುಕನ್ನ ಕಿವಿ ಹತ್ರ ಅಲ್ಲಾಡಿಸಿ ಕೇಳಿದ ಹಾಗೆ, ಒಳಗೆ ಒಣಗಿದೆಯೋ ಇಲ್ಲವೋ ಅದರಿಂದ ಗೊತ್ತಾಗುತ್ತೆ. ಮೊದಲ ಮೇಲ್‌ನಲ್ಲಿ ಈ ವಿಷಯವೇ ಇರಲಿಲ್ಲ. ತಾತನಿಗೆ ಜಾಗ ಸಿಕ್ಕಿತ್ತು, ಗಿರಾಕಿಗಳಿಗೆ ಸಿಕ್ಕಿರಲಿಲ್ಲ.

ಕೇಳಿದ ಮಾತ್ರಕ್ಕೆ ಸಿಗುತ್ತೆ ಅಂತಲ್ಲ. 2008ರಲ್ಲಿ ಏರ್‌ಬಿಎನ್‌ಬಿಯವರು 1.5 ಲಕ್ಷ ಡಾಲರ್ ಬೇಕು, ಹತ್ತು ಪರ್ಸೆಂಟ್ ಪಾಲು ಕೊಡ್ತೀವಿ ಅಂತ ಹೊರಟಿದ್ದರು. ಅವರಿಗೆ ಗೆಳೆಯನೊಬ್ಬ ಏಳು ಇನ್ವೆಸ್ಟರ್‌ಗಳ ಪರಿಚಯವನ್ನೂ ಮಾಡಿಸಿದ್ದ. ಐವರು ಬೇಡ ಅಂದರು, ಇಬ್ಬರು ಉತ್ತರವನ್ನೇ ಕೊಡಲಿಲ್ಲ. ನಮ್ಮವನಿಗೆ ಪರಿಚಯವೂ ಇಲ್ಲ. ಎಷ್ಟು ಪಾಲು ಕೊಡ್ತೀನಿ ಅಂತಲೂ ಅವನು ಬರೆದಿಲ್ಲ. ಅದು ಮಾತುಕತೆಗೆ ಇರಲಿ ಅಂತ ಬಿಟ್ಟಿದ್ದಾನೆ, ಪರವಾಗಿಲ್ಲ.

ನನ್ನ ತಕರಾರು ಒಂದು ಉಳಿದಿದೆ. "ಬ್ಯಾಂಕಿನಿಂದ ಬರುತ್ತದೆ" ಅಂದರೆ ಸಾಲ ಮಂಜೂರಾಗಿದೆಯಾ, ಅರ್ಜಿ ಹಾಕಿದ್ದಾನಾ, ಅಥವಾ ಹಾಕಬೇಕು ಅಂದುಕೊಂಡಿದ್ದಾನಾ? ಕೇಳಿದೆ. ಸುಮ್ಮನಾದ. ಆ ಸಾಲನ್ನ ತಿದ್ದೋವರೆಗೂ ಕಳಿಸಬೇಡ ಅಂದಿದ್ದೀನಿ.