ಸುಲ್ತಾನ ಎದ್ದು ನಿಂತ ಗಳಿಗೆ

ಕತ್ತಲಗೆರೆಯಲ್ಲಿ ಭತ್ತದ ಮೂಟೆಗಳನ್ನು ಒಂದು ಬದಿಗೆ ಒಟ್ಟಿದ ಗೋದಾಮೊಂದರಲ್ಲಿ ಹುಡುಗರು ನಾಟಕದ ಅಭ್ಯಾಸ ನಡೆಸುತ್ತಿದ್ದರು. ಗಿರೀಶ ಕಾರ್ನಾಡರು 1964ರಲ್ಲಿ ಬರೆದ 'ತುಘಲಕ್' ನಾಟಕದ ಒಂದೇ ಒಂದು ದೃಶ್ಯ. ಕೋಣೆಯೊಂದು, ಅದರಲ್ಲಿ ಸುಲ್ತಾನ ಮುಹಮ್ಮದ್ ಮತ್ತು ಅವನ ಮಲತಾಯಿ. ಮಾತೆಲ್ಲ ಬಾಯಿಪಾಠವಾಗಿತ್ತು, ಕಂಠಕ್ಕೂ ಕೊರತೆಯಿರಲಿಲ್ಲ. ಆದರೂ ದೃಶ್ಯ ಮುಗಿದಾಗ ನಮಗೆ ಉಳಿದದ್ದು ಕೂಗಾಡುವ ಒಬ್ಬ ಸುಲ್ತಾನ, ಅಳುವ ಒಬ್ಬ ಹೆಂಗಸು ಅಷ್ಟೇ. ಮುಸ್ಲಿಂ ದೊರೆ ಎಂದೊಡನೆ ಗಡ್ಡ, ಖಡ್ಗ ಮತ್ತು ಕೋಪ ಎಂಬ ಹಳೆಯ ಚಿತ್ರಕ್ಕೆ ಇನ್ನೊಂದು ಸೇರಿತಲ್ಲ ಎಂದು ಬೇಸರವಾಯಿತು. ತಪ್ಪು ಮಾತಿನಲ್ಲಿರಲಿಲ್ಲ, ಕಾಲಿನಲ್ಲಿತ್ತು. ಇಬ್ಬರೂ ಮಾತಿಗೊಂದು ಹೆಜ್ಜೆಯಂತೆ ಸುಮ್ಮನೆ ಅಡ್ಡಾಡುತ್ತಿದ್ದರು.

ನಟರು ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಎಲ್ಲಿಗೆ ಸರಿಯಬೇಕು ಎಂದು ಗೊತ್ತುಮಾಡುವುದನ್ನು ರಂಗಭೂಮಿಯವರು ಬ್ಲಾಕಿಂಗ್ ಎನ್ನುತ್ತಾರೆ. ಇಬ್ಬರೇ ಇರುವ ದೃಶ್ಯದಲ್ಲಿ ಅದು ಯಾರ ಕೈ ಮೇಲಾಗಿದೆ ಎಂಬುದರ ಲೆಕ್ಕವೂ ಹೌದು. ಯಾರಿಗೆ ಏನಾದರೂ ಬೇಕಾಗಿದೆಯೋ ಅವರು ನಡೆದು ಬರುತ್ತಾರೆ. ಬೇಡದವರು ನಿಂತಲ್ಲೇ ಇರುತ್ತಾರೆ.

ಈ ದೃಶ್ಯದಲ್ಲಿ ಮೂರು ತಿರುವುಗಳಿವೆ. ಖೋಟಾ ನಾಣ್ಯಗಳ ರಾಶಿ ಹೊರಗೆ ಗುಲಾಬಿ ತೋಟದಲ್ಲಿ ಬೀಳುತ್ತಿದೆ. ವಜೀರ ನಜೀಬನ ಕೊಲೆಗಾರರ ಹುಡುಕಾಟ ನಿಲ್ಲಿಸೆಂದು ತಾಯಿ ಕೇಳುತ್ತಾಳೆ. ಕೊನೆಗೆ ಕೊಂದವಳು ತಾನೇ ಎನ್ನುತ್ತಾಳೆ. ಮಗ ಅವಳಿಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆ ವಿಧಿಸುತ್ತಾನೆ.

ನಾವು ಸುಣ್ಣದಲ್ಲಿ ನೆಲದ ಮೇಲೆ ಇಪ್ಪತ್ತು ಅಡಿ ಅಗಲ, ಹದಿನೈದು ಅಡಿ ಆಳದ ಚೌಕ ಎಳೆಸಿದೆವು. ಹಿಂದೆ ಬಲಕ್ಕೆ ಕಿಟಕಿ, ಹಿಂದೆ ಎಡಕ್ಕೆ ಬಾಗಿಲು, ಮುಂದೆ ಎಡಕ್ಕೆ ಒಂದು ತಖ್ತು. ಬೇರೇನೂ ಬೇಡ. ಸುಲ್ತಾನ ಕಿಟಕಿಯಲ್ಲಿ ನಾಣ್ಯದ ರಾಶಿ ನೋಡುತ್ತ ನಿಂತಿರಲಿ, ತಾಯಿ ಬಂದರೂ ತಿರುಗದಿರಲಿ. ಅವಳು ಬಾಗಿಲಲ್ಲಿ ಕಾಯಬೇಕು, ಆಮೇಲೆ ಕೋಣೆಯ ನಡುವಿನವರೆಗೆ ತಾನೇ ಬರಬೇಕು. ಆಗ ಅವನು ಅವಳನ್ನು ಬಳಸಿಕೊಂಡು ಹೋಗಿ ತಖ್ತಿನ ಮೇಲೆ ಕೂರುತ್ತಾನೆ. ನಿಂತು ಕೇಳಿಕೊಳ್ಳುವ ತಾಯಿ, ಕೂತು ಆಲಿಸುವ ಮಗ. ಇಲ್ಲಿಯವರೆಗೆ ಅವನೇ ದೊರೆ.

ಈಗ ಅವಳು ತಪ್ಪೊಪ್ಪಿಕೊಳ್ಳುತ್ತಾಳೆ. ನಮ್ಮ ಹುಡುಗಿ ಇಲ್ಲಿ ಎರಡು ಹೆಜ್ಜೆ ಹಿಂದೆ ಸರಿದು ಸೆರಗು ಬಾಯಿಗೆ ಒತ್ತಿಕೊಂಡಳು. ಎಲ್ಲ ಹಾಳಾದದ್ದು ಅಲ್ಲೇ. ಹಿಂದೆ ಸರಿದವಳು ಆ ಕ್ಷಣದಿಂದ ಆರೋಪಿ. ತಂದೆಯನ್ನೂ ತಮ್ಮನನ್ನೂ ಕೊಂದವನಿಗಿಂತ ತಾನು ಕೆಟ್ಟದ್ದೇನು ಮಾಡಿದೆ ಎಂದು ಮುಂದೆ ಅವಳು ಕೇಳುವ ಪ್ರಶ್ನೆಗೆ ಬಲವೇ ಉಳಿಯುವುದಿಲ್ಲ. ಅವಳು ಕದಲಬಾರದು. ಕೇಳಿಕೊಳ್ಳುವವರ ಮುಂದೆ ಕೂತವನು ಎತ್ತರದಲ್ಲಿರುತ್ತಾನೆ. ಅದೇ ಕೂತವನಿಗೆ ತಿಳಿಯದ್ದನ್ನು ನಿಂತವರು ಹೇಳಿದರೆ ಅದೇ ತಖ್ತು ಹಳ್ಳವಾಗುತ್ತದೆ. ಯಾರೂ ಅಲುಗದೆ ಅಧಿಕಾರ ಕೈ ಬದಲಾಯಿಸುವ ಗಳಿಗೆ ಅದು. ಆಮೇಲೆ ಅವನು ಏಳಬೇಕು, ಮೆಲ್ಲಗೆ, ಒಂದು ಉಸಿರು ತಡವಾಗಿ. ಏಳದೆ ಇರಲಾರ ಎಂಬುದೇ ಅವನ ಸೋಲು.

ಅವನು ಕೈಯಳತೆಯಷ್ಟು ಹತ್ತಿರ ಬರುತ್ತಾನೆ, ಅವಳು ಕಣ್ಣು ತಗ್ಗಿಸುವುದಿಲ್ಲ. ದೂರ ಹೋಗುವವನು ಅವನೇ ಆಗಲಿ, ಮತ್ತೆ ಕಿಟಕಿಗೆ. ಮೊದಲು ಬೆನ್ನು ತಿರುಗಿಸಿದ್ದು ದರ್ಪದಿಂದ, ಈಗ ಅವಳ ಮುಖ ನೋಡಲಾಗದೆ. ಅವಳು ಅವನೆಡೆಗೆ ಎರಡು ಹೆಜ್ಜೆ ಇಡುವುದು ಈಗ, ತಾಯಿಯಾಗಿ. ಅದಕ್ಕೆ ಉತ್ತರವಾಗಿ ಅವನು ಕಾವಲುಗಾರರನ್ನು ಕರೆಯುತ್ತಾನೆ. ಕೋಣೆಯೊಳಗೆ ಗೆಲ್ಲಲಾಗದವನು ಹೊರಗಿನವರನ್ನು ಕರೆದ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಅವಳನ್ನು ಎಳೆದೊಯ್ದ ಮೇಲೆ ಅವನು ಮೊಣಕಾಲೂರಿ ದೇವರಿಗೆ ಮೊರೆಯಿಡುತ್ತಾನೆ. ನಮ್ಮ ಹುಡುಗ ರಂಗದ ತೀರ ಅಂಚಿಗೆ ಬಂದು ಕೈಮುಗಿದ. ದುಆಕ್ಕೆ ಅಂಗೈ ತೆರೆದಿರುತ್ತದಪ್ಪಾ ಎಂದು ತೋರಿಸಿಕೊಟ್ಟೆವು. ಜಾಗವೂ ತಪ್ಪಾಗಿತ್ತು. ಜನ ಕುರ್ಚಿಯಲ್ಲಿ ಕೂತಿದ್ದರೆ, ಅಂಚಿನಲ್ಲಿ ಮೊಣಕಾಲೂರಿದವನು ಮೂರನೇ ಸಾಲಿನವರಿಗೆ ಕಾಣುವುದಿಲ್ಲ. ಕೋಣೆಯ ನಡುವೆ, ತಾಯಿ ನಿಂತಿದ್ದ ಸುಣ್ಣದ ಗುರುತಿನ ಮೇಲೆ ಕೂರಿಸಿದೆವು.

ಕಿಟಕಿಯಲ್ಲೊಂದು ತೊಂದರೆ ಉಳಿಯಿತು. ಅದು ಹಿಂದಿರುವುದರಿಂದ ಅಲ್ಲಿ ನಿಂತವನೊಂದಿಗೆ ಮಾತಾಡಲು ತಾಯಿ ಜನರಿಗೆ ಬೆನ್ನು ಮಾಡಬೇಕಾಗುತ್ತದೆ, ಮುಖವೂ ಮಾತೂ ಹಿಂದಕ್ಕೆ ಹೋಗುತ್ತವೆ. ಅವಳನ್ನು ಓರೆಯಾಗಿ ನಿಲ್ಲಿಸಿ ಅರ್ಧ ಸರಿಮಾಡಿದೆವು, ಪೂರ್ತಿ ಆಗಲಿಲ್ಲ.

ಕೊನೆಗೆ ಮಾತಿಲ್ಲದೆ ಬರೀ ಚಲನೆಯಲ್ಲಿ ದೃಶ್ಯ ಮಾಡಿಸಿದೆವು. ನಾಟಕ ಓದದ ಗೋದಾಮಿನ ಹಮಾಲರೊಬ್ಬರು ಮೂಟೆಯ ಮೇಲೆ ಕೂತು ನೋಡುತ್ತಿದ್ದರು. ಯಾರು ಗೆದ್ದರು ಚಾಚಾ ಎಂದು ಕೇಳಿದೆವು.

"ಆ ತಾಯಿ ಗೆದ್ದಿದ್ದಳು" ಎಂದರು, "ಅವನು ಆಳು ಕರೆಸೋವರೆಗೆ."