ಒಂಬತ್ತನೇ ಸದಸ್ಯ ಯಾರ ಕಡೆ? ಗ್ರಾಫ್ ನ್ಯೂರಲ್ ನೆಟ್‌ವರ್ಕ್ ರಸಿಕರಿಗೊಂದು ಕೈಪಿಡಿ

ಗ್ರಾಫ್ ನ್ಯೂರಲ್ ನೆಟ್‌ವರ್ಕಿನ ಜೀವಾಳ ಒಂದೇ ಒಂದು ಕ್ರಿಯೆ. ಜಾಲದ ಪ್ರತಿ ಬಿಂದುವೂ ತನ್ನ ನೆರೆಯ ಬಿಂದುಗಳಿಂದ ಅವುಗಳ ಸಂಖ್ಯೆಗಳನ್ನು ಪಡೆದು, ತನ್ನದರ ಜೊತೆ ಬೆರೆಸಿ, ಬಂದ ಫಲವನ್ನು ತನ್ನ ಹೊಸ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಇದೇ ಸಂದೇಶ ರವಾನೆ. ಇದರ ಸೊಗಸು ಸಮೀಕರಣದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಸಣ್ಣ ಜಾಲವೊಂದರ ಮೇಲೆ ಎರಡು ಸುತ್ತು ಕೈಯಾರೆ ಲೆಕ್ಕ ಹಾಕಿದಾಗ ಕಾಣುತ್ತದೆ.

ಅದಕ್ಕೆ ಒದಗಿಬರುವ ಜಾಲ ಅಮೆರಿಕದ ಒಂದು ವಿಶ್ವವಿದ್ಯಾಲಯದ ಕರಾಟೆ ಕ್ಲಬ್ಬು. ವೇಯ್ನ್ ಝಕಾರಿ ಎಂಬ ಮಾನವಶಾಸ್ತ್ರಜ್ಞ 1970ರಿಂದ 1972ರವರೆಗೆ ಅದನ್ನು ಗಮನಿಸಿ 1977ರಲ್ಲಿ ಪ್ರಬಂಧ ಪ್ರಕಟಿಸಿದ. ಸದಸ್ಯರು 34, ಕ್ಲಬ್ಬಿನ ಹೊರಗೂ ಒಡನಾಟವಿದ್ದ ಜೋಡಿಗಳು 78. ಪಾಠದ ಶುಲ್ಕದ ವಿಚಾರವಾಗಿ ತರಬೇತುದಾರನಿಗೂ ಅಧ್ಯಕ್ಷನಿಗೂ ಜಗಳ ಹತ್ತಿ ಕ್ಲಬ್ಬು ಎರಡಾಯಿತು. ಪಟ್ಟಿಯಲ್ಲಿ ತರಬೇತುದಾರ 1ನೆಯವನು, ಅಧ್ಯಕ್ಷ 34ನೆಯವನು. ಯಾರು ಯಾರ ಹಿಂದೆ ಹೋದರು ಎಂಬುದನ್ನು ಒಡನಾಟದ ಗೆರೆಗಳಿಂದಲೇ ಊಹಿಸಬಹುದೇ ಎಂಬುದು ಪ್ರಶ್ನೆ.

ತರಬೇತುದಾರನಿಗೆ +1, ಅಧ್ಯಕ್ಷನಿಗೆ −1, ಉಳಿದವರಿಗೆಲ್ಲ 0 ಕೊಟ್ಟು ಆರಂಭಿಸೋಣ. ನಿಯಮ ಸರಳ: ಪ್ರತಿಯೊಬ್ಬನೂ ತನ್ನ ಮತ್ತು ನೆರೆಯವರ ಸಂಖ್ಯೆಗಳ ಸರಾಸರಿ ತೆಗೆಯಬೇಕು, ಎಲ್ಲರೂ ಒಟ್ಟಿಗೆ. 12ನೆಯವನಿಗೆ ತರಬೇತುದಾರನೊಬ್ಬನೇ ನೆರೆ, ಹಾಗಾಗಿ ಅವನ ಸಂಖ್ಯೆ 0.5 ಆಗುತ್ತದೆ. 17ನೆಯವನ ನೆರೆಯವರು 6 ಮತ್ತು 7 ಮಾತ್ರ; ಇಬ್ಬರಲ್ಲೂ ಆಗ ಇದ್ದದ್ದು ಸೊನ್ನೆ, ಅವನೂ ಸೊನ್ನೆಯಲ್ಲೇ ಉಳಿಯುತ್ತಾನೆ. ಆದರೆ ತರಬೇತುದಾರನ ಒಡನಾಡಿಗಳಾದ 6 ಮತ್ತು 7 ಇದೇ ಸುತ್ತಿನಲ್ಲಿ 0.2ಕ್ಕೆ ಏರಿರುತ್ತಾರೆ. ಎರಡನೇ ಸುತ್ತಿನಲ್ಲಿ ಅವರ ಮೂಲಕ 17ನೆಯವನು 0.13ಕ್ಕೆ ಬರುತ್ತಾನೆ. ರಸಿಕರು ಮೊದಲು ಗಮನಿಸಬೇಕಾದದ್ದು ಇದು: ಒಂದು ಸುತ್ತಿಗೆ ಸುದ್ದಿ ಒಂದೇ ಗೆರೆ ದಾಟುತ್ತದೆ. ಎಷ್ಟು ಸುತ್ತೋ ಅಷ್ಟು ದೂರದವರೆಗೆ ಮಾತ್ರ ಬಿಂದುವಿಗೆ ಜಾಲ ಕಾಣುತ್ತದೆ.

ಇನ್ನು ಒಂಬತ್ತನೆಯವನು. ಅವನ ನೆರೆಯವರು 1, 3, 31, 33, 34. ತರಬೇತುದಾರನ +1, ಅಧ್ಯಕ್ಷನ −1 ಹೊಡೆದುಹೋಗಿ ಮೊದಲ ಸುತ್ತಿನಲ್ಲಿ ಅವನಿಗೆ ಸಿಗುವುದು ನಿಖರವಾಗಿ ಸೊನ್ನೆ. ಎರಡನೇ ಸುತ್ತಿನ ಹೊತ್ತಿಗೆ ನೆರೆಯವರು ಬದಲಾಗಿರುತ್ತಾರೆ: 1ನೆಯವನು 0.06, 3ನೆಯವನು 0.09, 31ನೆಯವನು −0.20, 33ನೆಯವನು −0.08, 34ನೆಯವನು −0.06. ತನ್ನ ಸೊನ್ನೆಯನ್ನೂ ಸೇರಿಸಿ ಆರರಿಂದ ಭಾಗಿಸಿದರೆ ಸುಮಾರು −0.03. ನೇರ ಗೆಳೆತನ ತೀರ್ಮಾನಿಸದೆ ಬಿಟ್ಟದ್ದನ್ನು ಗೆಳೆಯರ ಗೆಳೆತನ ತೀರ್ಮಾನಿಸಿತು: ಅವನು ಅಧ್ಯಕ್ಷನ ಕಡೆಗೆ ವಾಲಿದ. ಇಡೀ ವಿಧಾನದ ರುಚಿ ಇರುವುದು ಈ ಒಂದು ಲೆಕ್ಕದಲ್ಲಿ.

ಆದರೆ ವಾಸ್ತವದಲ್ಲಿ ಅವನು ಹೋದದ್ದು ತರಬೇತುದಾರನ ಜೊತೆ. ಬೇರೆಯದೇ ವಿಧಾನ ಬಳಸಿದ ಝಕಾರಿಯ ಊಹೆಯೂ 34ರಲ್ಲಿ ತಪ್ಪಿದ್ದು ಇವನೊಬ್ಬನ ವಿಷಯದಲ್ಲೇ. ನಾಲ್ಕು ವರ್ಷ ಕಲಿತಿದ್ದ ಅವನ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮೂರೇ ವಾರ ಉಳಿದಿತ್ತು. ಅಧ್ಯಕ್ಷನ ಕಡೆ ಹೋಗಿದ್ದರೆ ಬೇರೆ ಶೈಲಿಯ ಕರಾಟೆಯನ್ನು ಮೊದಲಿನಿಂದ ಕಲಿಯಬೇಕಿತ್ತು. ಈ ಸಂಗತಿ ಯಾವ ಗೆರೆಯಲ್ಲೂ ಇರಲಿಲ್ಲ. ಬಿಂದುವಿನ ಆರಂಭದ ಸಂಖ್ಯೆಗಳಲ್ಲಿ ಬೆಲ್ಟಿನ ದರ್ಜೆಯನ್ನೂ ಸೇರಿಸಿದ್ದರೆ ಮಾತ್ರ ಲೆಕ್ಕಕ್ಕೆ ಅದು ಸಿಗುವ ಸಾಧ್ಯತೆ ಇತ್ತು.

ಇಲ್ಲಿಯವರೆಗೆ ಕಲಿಕೆ ಎಂಬುದೇ ನಡೆದಿಲ್ಲ. ನಿಜವಾದ ಗ್ರಾಫ್ ನ್ಯೂರಲ್ ನೆಟ್‌ವರ್ಕಿನಲ್ಲಿ ಪ್ರತಿ ಬಿಂದುವಿಗೂ ಹಲವು ಸಂಖ್ಯೆಗಳ ಪಟ್ಟಿ ಇರುತ್ತದೆ, ಮತ್ತು ಸರಾಸರಿಯನ್ನು ಪ್ರತಿ ಸುತ್ತಿನಲ್ಲೂ ತೂಕಗಳ ಕೋಷ್ಟಕವೊಂದರಿಂದ ಗುಣಿಸಲಾಗುತ್ತದೆ. ಒಂದು ಸುತ್ತಿನ ತೂಕಗಳು ಎಲ್ಲ ಬಿಂದುಗಳಿಗೂ ಒಂದೇ. ಉತ್ತರ ಗೊತ್ತಿರುವ ಕೆಲವು ಬಿಂದುಗಳಲ್ಲಿ ತಪ್ಪು ಕಡಿಮೆಯಾಗುವಂತೆ ಈ ತೂಕಗಳನ್ನು ತಿದ್ದುವುದೇ ಕಲಿಕೆ. ಥಾಮಸ್ ಕಿಪ್ಫ್ ಮತ್ತು ಮ್ಯಾಕ್ಸ್ ವೆಲ್ಲಿಂಗ್ 2017ರ ಪ್ರಬಂಧದಲ್ಲಿ ಇದೇ ಕ್ಲಬ್ಬನ್ನು ತೆಗೆದುಕೊಂಡು, ತೂಕಗಳನ್ನು ತಿದ್ದದೆ ಮನಬಂದಂತೆ ಇಟ್ಟರೂ ಮೂರು ಪದರಗಳ, ಅಂದರೆ ಮೂರು ಸುತ್ತುಗಳ ನಂತರ ಗುಂಪುಗಳು ಬಹುಮಟ್ಟಿಗೆ ಬೇರ್ಪಡುವುದನ್ನು ತೋರಿಸಿದರು. ಅರ್ಧ ಕೆಲಸವನ್ನು ಬೆರೆಸುವಿಕೆಯೇ ಮಾಡಿ ಮುಗಿಸಿರುತ್ತದೆ.

ಹಾಗೆಂದು ಸುತ್ತುಗಳನ್ನು ಹೆಚ್ಚಿಸುತ್ತಾ ಹೋಗುವಂತಿಲ್ಲ. ಮೇಲಿನ ಸರಾಸರಿಯನ್ನು ಕೊನೆಯಿಲ್ಲದೆ ಮುಂದುವರಿಸಿದರೆ 34 ಜನರೂ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತಾರೆ: −1/190, ಅಂದರೆ ಸುಮಾರು −0.005. ತರಬೇತುದಾರನಿಗೆ 16 ನೆರೆಯವರು, ಅಧ್ಯಕ್ಷನಿಗೆ 17. ಆ ಒಂದು ಗೆರೆಯ ವ್ಯತ್ಯಾಸವಷ್ಟೇ ಕೊನೆಗೆ ಉಳಿಯುತ್ತದೆ, ಯಾರು ಯಾರ ಕಡೆ ಎಂಬುದು ಅಳಿಸಿಹೋಗುತ್ತದೆ. ಇದನ್ನು ಅತಿ ನಯವಾಗುವಿಕೆ ಎನ್ನಬಹುದು. ಪದರ ಹೆಚ್ಚಿಸಿದಂತೆ ಬಿಂದುಗಳ ಸಂಖ್ಯೆಗಳ ನಡುವಿನ ಅಂತರ ಕುಗ್ಗುತ್ತಿದ್ದರೆ ಅದೇ ಅದರ ಲಕ್ಷಣ. ಇಂಥ ಜಾಲಗಳಿಗೆ ಎರಡು ಮೂರು ಪದರ ಸಾಕೆನ್ನುವುದು ಈ ಕಾರಣಕ್ಕೆ.

ಲೆಕ್ಕವನ್ನು ತಾವೇ ಮಾಡಿ ನೋಡಬಯಸುವವರಿಗೆ ಕ್ಲಬ್ಬಿನ ಜಾಲ ಪೈಥಾನ್‌ನ `networkx` ನಲ್ಲಿ `karate_club_graph()` ಎಂಬ ಹೆಸರಿನಲ್ಲಿ ಸಿಗುತ್ತದೆ. ಅಲ್ಲಿ ಎಣಿಕೆ 0ಯಿಂದ ಆರಂಭ, ಆದ್ದರಿಂದ ಒಂಬತ್ತನೆಯವನನ್ನು 8ರಲ್ಲಿ ಹುಡುಕಬೇಕು.